ಜಾಯಿನ್ ಆಗೋ ಮುಂಚೆ ಬರೋ ವೆಲ್ಕಮ್ ಮೇಲ್: ಅದರಲ್ಲಿ ಏನಿರಬೇಕು, ಇಲ್ಲದಿದ್ರೆ ಏನು ಕೇಳಬೇಕು

ಇವತ್ತು ಮಾತಾಡೋಣ ಒಂದು ಮೇಲ್ ಬಗ್ಗೆ. ಆಫರ್ ಒಪ್ಪಿಕೊಂಡಾಯ್ತು, ಹಳೆ ಕಂಪನಿಯಲ್ಲಿ ನೋಟಿಸ್ ಪೀರಿಯಡ್ ಮುಗೀತಾ ಬಂತು. ಆಗ ಹೊಸ ಮ್ಯಾನೇಜರ್‌ನಿಂದ ಒಂದು ವೆಲ್ಕಮ್ ಮೇಲ್ ಬರುತ್ತೆ. ನಾನು ಪುಣೆಯ ಹಿಂಜವಡಿಯಲ್ಲಿ ಒಂದು ಟೀಮ್ ನೋಡ್ಕೊಳ್ತೀನಿ, ನನ್ನ ಟೀಮಿಗೆ ಸೇರೋರಿಗೆ ಈ ಮೇಲ್ ನಾನೇ ಬರೀತೀನಿ. ಎಚ್‌ಆರ್‌ನವರು ಪೋರ್ಟಲ್ ಲಿಂಕು, ದಾಖಲೆಗಳ ಪಟ್ಟಿ ಬೇರೆ ಕಳಿಸ್ತಾರೆ. ಆದರೆ ಅದು ಎಲ್ಲರಿಗೂ ಹೋಗೋ ಒಂದೇ ಮೇಲ್. ಬೇರೆ ರಾಜ್ಯದಿಂದ ಸಂಸಾರ ಸಮೇತ ಬರೋರ ತಲೆಯಲ್ಲಿರೋ ಪ್ರಶ್ನೆಗಳಿಗೆ ಅದರಲ್ಲಿ ಉತ್ತರ ಇರಲ್ಲ. ಅವು ಬಹಳ ಸಲ ಕೇಳೋಕೆ ಸಂಕೋಚ ಆಗೋ ಪ್ರಶ್ನೆಗಳು: ಎಲ್ಲಿಗೆ ಬರಬೇಕು, ಯಾವ ಕಾಗದ ಇಲ್ಲದಿದ್ರೂ ನಡೆಯುತ್ತೆ, ಮೊದಲ ಸಂಬಳ ಯಾವಾಗ.

ಒಂದು ಉದಾಹರಣೆ ಇಟ್ಕೊಂಡು ಹೇಳ್ತೀನಿ. ಹುಬ್ಬಳ್ಳಿ ಹುಡುಗ, ಬೆಂಗಳೂರಲ್ಲಿ ಕೆಲಸ, ಮದುವೆಯಾಗಿದೆ. ಹಳೆ ಕಂಪನಿಯ ಕೊನೆ ದಿನ ಜೂನ್ 19, ಶುಕ್ರವಾರ. ನಮ್ಮಲ್ಲಿ ಸೇರೋದು ಜೂನ್ 22, ಸೋಮವಾರ.

ಎಲ್ಲಿಗೆ, ಎಷ್ಟೊತ್ತಿಗೆ

ಆಫರ್ ಲೆಟರ್‌ನ ಮೇಲೆ ಇರೋ ವಿಳಾಸ ಬಹಳ ಸಲ ಕಂಪನಿಯ ನೋಂದಾಯಿತ ಕಚೇರಿಯದ್ದು. ನೀವು ಕೂತು ಕೆಲಸ ಮಾಡೋ ಜಾಗ ಅದೇ ಆಗಿರಬೇಕು ಅಂತೇನಿಲ್ಲ. ಹಿಂಜವಡಿಯಲ್ಲಿ ಫೇಸ್ 1, 2, 3 ಅಂತ ಇವೆ. ಒಂದೇ ಕಂಪನಿಗೆ ಎರಡು ಫೇಸ್‌ಗಳಲ್ಲಿ ಕಟ್ಟಡ ಇದ್ರೆ, ಬೆಳಗಿನ ಟ್ರಾಫಿಕ್‌ನಲ್ಲಿ ಒಂದರಿಂದ ಇನ್ನೊಂದಕ್ಕೆ ಹೋಗೋದ್ರಲ್ಲೇ ಅರ್ಧ ಬೆಳಗ್ಗೆ ಕಳೆದುಹೋಗುತ್ತೆ. ಅದಕ್ಕೆ ನಾನು ಹೀಗೆ ಬರೀತೀನಿ:

"ಸೋಮವಾರ ಹತ್ತು ಗಂಟೆಗೆ ಫೇಸ್ 3ರ ಕಟ್ಟಡಕ್ಕೆ ಬನ್ನಿ, ಎರಡನೇ ಗೇಟು. ಮ್ಯಾಪ್ ಪಿನ್ ಕೆಳಗಿದೆ. ವಿಸಿಟರ್ ಪಾಸ್ ನಿಮ್ಮ ಹೆಸರಿಗೆ ಮಾಡಿಸಿದ್ದೀನಿ, ಆಧಾರ್ ಅಥವಾ ಬೇರೆ ಫೋಟೋ ಐಡಿಯ ಅಸಲು ಕೈಯಲ್ಲಿರಲಿ. ನಿಮ್ಮ ಸ್ವಂತ ಲ್ಯಾಪ್‌ಟಾಪ್ ತರಬೇಡಿ, ಗೇಟಲ್ಲಿ ಎಂಟ್ರಿ ಮಾಡಿಸೋದು ತಲೆನೋವು. ನಾನು ಆ ಹೊತ್ತಿಗೆ ಮೀಟಿಂಗಲ್ಲಿದ್ರೆ ಇಳಿದು ಬರೋರ ನಂಬರ್ ಇದು."

ಆ ಕೊನೆಯ ನಂಬರ್ ಮುಖ್ಯ. ಮೊದಲ ದಿನ ನಿಮ್ಮ ಹತ್ರ ಕಂಪನಿಯ ಚಾಟ್ ಇರಲ್ಲ, ಮೇಲ್ ಇರಲ್ಲ. ಸೆಕ್ಯುರಿಟಿಯವರು "ಯಾರನ್ನ ನೋಡ್ಬೇಕು" ಅಂದಾಗ ಹೇಳೋಕೆ ಒಂದು ಹೆಸರು, ಒಂದು ಮೊಬೈಲ್ ನಂಬರ್ ಬೇಕು. ಮೇಲ್‌ನಲ್ಲಿ ಅದಿಲ್ಲ ಅಂದ್ರೆ ಕೇಳಿ ತಗೊಳ್ಳಿ.

ಇನ್ನೊಂದು ಮಾತು. ಹುಬ್ಬಳ್ಳಿ ಕಡೆಯಿಂದ ಬರೋ ಮುಂಬೈ ಬಸ್ಸುಗಳು ಪುಣೆ ಬೈಪಾಸ್‌ನಲ್ಲಿ ಹೋಗ್ತವೆ, ವಾಕಡ್‌ನಲ್ಲಿ ಇಳಿದ್ರೆ ಹಿಂಜವಡಿ ಹತ್ರ. ಸ್ವಾರ್‌ಗೇಟ್‌ವರೆಗೆ ಹೋಗಿ ಊರೆಲ್ಲ ದಾಟಿ ವಾಪಸ್ ಬರೋದು ಬೇಡ. ಆದರೆ ಸೋಮವಾರ ಬೆಳಗ್ಗೆ ತಲುಪೋ ಬಸ್ಸು ಹಿಡೀಬೇಡಿ. ಬಸ್ಸು ಎರಡು ಗಂಟೆ ಲೇಟಾದ್ರೆ ಜಾಯಿನಿಂಗ್ ಮಧ್ಯಾಹ್ನಕ್ಕೆ ಹೋಗುತ್ತೆ. ಭಾನುವಾರವೇ ಬಂದುಬಿಡಿ.

ಯಾವ ಕಾಗದ ಕಾಯುತ್ತೆ, ಯಾವುದು ಕಾಯಲ್ಲ

ಎಚ್‌ಆರ್ ಪಟ್ಟಿಯಲ್ಲಿ ಹದಿನೈದು ಸಾಲು ಇದ್ರೂ ಎಲ್ಲದರ ತೂಕ ಒಂದೇ ಅಲ್ಲ. ನಮ್ಮ ಹುಡುಗನಿಗೆ ರಿಲೀವಿಂಗ್ ಲೆಟರ್ ಶುಕ್ರವಾರ ಸಂಜೆಯೇ ಕೈಗೆ ಬರುತ್ತೆ ಅನ್ನೋ ಖಾತ್ರಿ ಇಲ್ಲ. ಅದಕ್ಕೆ ಹೆದರಬೇಕಾಗಿಲ್ಲ. ಬಹಳಷ್ಟು ಕಂಪನಿಗಳಲ್ಲಿ ರಾಜೀನಾಮೆ ಒಪ್ಪಿದ ಮೇಲ್, ಅದರಲ್ಲಿ ಕೊನೆಯ ದಿನ ಸ್ಪಷ್ಟವಾಗಿ ಬರೆದಿರೋದು, ಜೊತೆಗೆ ಕೊನೆ ಮೂರು ತಿಂಗಳ ಸ್ಯಾಲರಿ ಸ್ಲಿಪ್ ಇದ್ರೆ ಸದ್ಯಕ್ಕೆ ಸಾಕು. ಆದರೆ "ಸಾಕು" ಅನ್ನೋ ಮಾತನ್ನ ಎಚ್‌ಆರ್‌ನಿಂದ ಮೇಲ್‌ನಲ್ಲೇ ಪಡ್ಕೊಳ್ಳಿ. ಹಳೆ ಕಂಪನಿಯ ಮೇಲ್ ಶುಕ್ರವಾರ ಬಂದ್ ಆಗುತ್ತೆ, ಹಾಗಾಗಿ ಈ ಕಾಗದಗಳನ್ನ ಮುಂಚೆಯೇ ಅಲ್ಲಿನ ಎಚ್‌ಆರ್ ಕಡೆಯಿಂದ ನಿಮ್ಮ ಸ್ವಂತ ಮೇಲ್‌ಗೆ ತರಿಸ್ಕೊಳ್ಳಿ.

ಕಾಯದೇ ಇರೋದು ಎರಡು. ಒಂದು, ಹೆಸರು. ನಮ್ಮ ಕಡೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಪ್ಯಾನ್‌ನಲ್ಲಿ ಅಪ್ಪನ ಪೂರ್ತಿ ಹೆಸರು, ಆಧಾರ್‌ನಲ್ಲಿ ಊರ ಹೆಸರು ಹೀಗೆಲ್ಲ ಇರುತ್ತೆ. ಆಧಾರ್‌ನಲ್ಲಿರೋ ಹೆಸರು ಪಿಎಫ್‌ನ ಯುಎಎನ್ ಖಾತೆಯ ಹೆಸರಿಗೆ ಹೊಂದದಿದ್ರೆ ಮುಂದೆ ಹಣ ವರ್ಗಾಯಿಸೋವಾಗ ಸಿಕ್ಕಿಹಾಕ್ಕೊಳ್ಳುತ್ತೆ. ಸೇರೋ ಮುಂಚೆಯೇ ಪಿಎಫ್ ಪೋರ್ಟಲ್‌ಗೆ ಲಾಗಿನ್ ಆಗಿ ನೋಡಿ. ಹೊಸ ಯುಎಎನ್ ಮಾಡಿಸ್ಬೇಡಿ, ಆ 12 ಅಂಕಿಯ ಹಳೆ ನಂಬರನ್ನೇ ಕೊಡಿ.

ಎರಡನೇದು ತಾರೀಖು. ಹಳೆ ಕಂಪನಿಯ ಕೊನೆ ದಿನವೂ ಹೊಸ ಕಂಪನಿಯ ಮೊದಲ ದಿನವೂ ಒಂದರ ಮೇಲೊಂದು ಬರಬಾರದು. "ಹಸ್ತಾಂತರ ಮುಗಿದಿಲ್ಲ, 23ರವರೆಗೆ ಇರಿ" ಅಂತ ಹಳೆ ಮ್ಯಾನೇಜರ್ ಅಂದ್ರೆ, ಆ ಎರಡು ದಿನ ಎರಡೂ ಕಡೆ ನೌಕರ ಅಂತ ದಾಖಲಾಗುತ್ತೆ. ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್‌ನಲ್ಲಿ ಅದು ಎದ್ದು ಕಾಣುತ್ತೆ. ತಾರೀಖು ಬದಲಾದ್ರೆ ಅದೇ ದಿನ ಹೊಸ ಮ್ಯಾನೇಜರ್‌ಗೆ ತಿಳಿಸಿ. ಎರಡು ದಿನ ಮುಂದೆ ಹಾಕೋದು ನಮಗೆ ಕಷ್ಟ ಅಲ್ಲ, ಆಮೇಲೆ ಸಮಜಾಯಿಷಿ ಕೊಡೋದು ಕಷ್ಟ.

ಮೊದಲ ಸಂಬಳ

ಮನೆ ಹಿಡಿಯೋರಿಗೆ ನಿಜವಾಗಿ ಬಿಸಿ ತಟ್ಟೋದು ಇಲ್ಲಿ. ಕಂಪನಿಗಳಲ್ಲಿ ಸಂಬಳದ ಲೆಕ್ಕಕ್ಕೆ ಒಂದು ಕಟ್-ಆಫ್ ತಾರೀಖು ಇರುತ್ತೆ. ನಮ್ಮ ಉದಾಹರಣೆಯಲ್ಲಿ 20 ಅಂತ ಇಟ್ಕೊಳ್ಳಿ. ಅದಾದ ಮೇಲೆ ಸೇರಿದ್ರೆ ಆ ತಿಂಗಳ ಹಣ ಮುಂದಿನ ತಿಂಗಳ ಸಂಬಳದ ಜೊತೆ ಬರುತ್ತೆ.

ಕೈಗೆ ಬರೋ ಸಂಬಳ ತಿಂಗಳಿಗೆ 90,000 ಅನ್ಕೊಳ್ಳಿ. 22ಕ್ಕೆ ಸೇರಿದ್ರೆ ಜೂನ್‌ನ 9 ದಿನಕ್ಕೆ ಸುಮಾರು 27,000. ಅದು ಜೂನ್ 30ಕ್ಕೆ ಬರಲ್ಲ, ಜುಲೈ 31ಕ್ಕೆ ಜುಲೈ ಸಂಬಳದ ಜೊತೆ ಸೇರಿ 1,17,000 ಬರುತ್ತೆ. ಹಳೆ ಕಂಪನಿ ಜೂನ್ ಸಂಬಳವನ್ನ ಕೊನೆಯ ಲೆಕ್ಕಕ್ಕೆ ಅಂತ ತಡೆಹಿಡಿದ್ರೆ, ಮೇ 31ರಿಂದ ಜುಲೈ 31ರವರೆಗೆ ಎರಡು ತಿಂಗಳು ಖಾತೆಗೆ ಏನೂ ಬರಲ್ಲ. ಅದೇ ಹೊತ್ತಿಗೆ ಮನೆ: ಬಾಡಿಗೆ 25,000, ಎರಡು ತಿಂಗಳ ಡಿಪಾಸಿಟ್ 50,000, ಬ್ರೋಕರ್‌ಗೆ ಒಂದು ತಿಂಗಳು 25,000. ಸಾಮಾನು ಸಾಗಿಸೋ ಮುಂಚೆಯೇ ಒಂದು ಲಕ್ಷ ಹೋಯ್ತು.

ಅದಕ್ಕೆ ನನ್ನ ಮೇಲ್‌ನಲ್ಲಿ ಈ ಸಾಲು ಇರುತ್ತೆ: "ನಿಮ್ಮ ಮೊದಲ ಸಂಬಳ ಜುಲೈ 31ಕ್ಕೆ, ಜೂನ್‌ನ 9 ದಿನವೂ ಸೇರಿ. ಮಧ್ಯೆ ತೊಂದರೆ ಆಗೋ ಹಾಗಿದ್ರೆ ಈಗಲೇ ಹೇಳಿ, ಎಚ್‌ಆರ್ ಹತ್ರ ಅಡ್ವಾನ್ಸ್ ಬಗ್ಗೆ ಕೇಳ್ತೀನಿ." ಕೊಡಿಸ್ತೀನಿ ಅಂತ ಬರೆಯಲ್ಲ, ಯಾಕಂದ್ರೆ ಅದು ಮ್ಯಾನೇಜರ್ ಕೈಯಲ್ಲಿಲ್ಲ. ಆಫರ್‌ನಲ್ಲಿ ಇಲ್ಲದ ಹಣದ ಮಾತು ಯಾವ ಮ್ಯಾನೇಜರ್ ಆಡಿದ್ರೂ ಎಚ್‌ಆರ್ ಮೇಲ್ ಬರೋವರೆಗೆ ಅದನ್ನ ಲೆಕ್ಕಕ್ಕೆ ಹಿಡೀಬೇಡಿ. ಸ್ಥಳಾಂತರ ಭತ್ಯೆ ಇದ್ರೂ ಬಿಲ್ ಕೊಟ್ಟ ಮೇಲೆ ಬರೋದೇ ಹೆಚ್ಚು. ಲಾರಿಯವರ ಹತ್ರ ನಿಮ್ಮ ಹೆಸರಲ್ಲೇ ಬಿಲ್ ಮಾಡಿಸಿ.

ನಿಮ್ಮ ಮ್ಯಾನೇಜರ್ ಮೇಲ್‌ನಲ್ಲಿ ಈ ಸಾಲು ಇಲ್ಲದಿದ್ರೆ ಹೀಗೆ ಕೇಳಿ: "ಸರ್, ನನ್ನ ಜಾಯಿನಿಂಗ್ ತಾರೀಖು ಈ ತಿಂಗಳ ಕಟ್-ಆಫ್ ಒಳಗೆ ಬರುತ್ತಾ?" ಇದನ್ನ ಕೇಳಿದ್ರೆ ದುಡ್ಡಿನ ಆಸೆಯವನು ಅಂತ ಯಾರೂ ಅನ್ಕೊಳ್ಳಲ್ಲ. ಉತ್ತರ ಬಂದ ಮೇಲೆ ಮನೆಯವರ ಜೊತೆ ಕೂತು ಯೋಚನೆ ಮಾಡಿ, ಮೊದಲ ತಿಂಗಳು ಪಿಜಿಯಲ್ಲಿದ್ದು ಸಂಸಾರವನ್ನ ಆಗಸ್ಟ್‌ಗೆ ಕರೆಸೋದು ಒಳ್ಳೇದಾ ಅಂತ. ನಮ್ಮ ಉದಾಹರಣೆಯ ಹುಡುಗನಿಗೆ ನಾನು ಹೇಳೋದು ಅದನ್ನೇ.

ಮುಂದಿನ ಮಾತಿನಲ್ಲಿ ಮಹಾರಾಷ್ಟ್ರದ ಬಾಡಿಗೆ ಕರಾರು ನೋಂದಣಿ ಹೇಗೆ ಅಂತ ನೋಡೋಣ. ಸಿಗೋಣ.