ಪರದೆಗೂ ವ್ಯಕ್ತಿಗೂ ಆರಡಿ ದೂರ

ನಿರೂಪಕಿಯೊಬ್ಬರು ಹಸಿರು ಪರದೆಯ ಮುಂದೆ ನಿಂತು ಮಾತಾಡುತ್ತಾರೆ. ಆಮೇಲೆ ಸಾಫ್ಟ್‌ವೇರ್ ಆ ಹಸಿರನ್ನಷ್ಟೇ ಅಳಿಸಿ, ಅವರ ಹಿಂದೆ ನಕ್ಷೆಯನ್ನೋ ಹಂಪಿಯ ಚಿತ್ರವನ್ನೋ ಕೂರಿಸುತ್ತದೆ. ಇದಕ್ಕೆ ಕೀಯಿಂಗ್ ಎನ್ನುತ್ತಾರೆ. ಮನುಷ್ಯನ ಚರ್ಮದಲ್ಲಿ ಹಸಿರು ಎದ್ದು ಕಾಣುವುದಿಲ್ಲ, ಕ್ಯಾಮೆರಾದ ಸೆನ್ಸರ್ ಹಸಿರನ್ನೇ ಹೆಚ್ಚು ವಿವರವಾಗಿ ಹಿಡಿಯುತ್ತದೆ. ಹಾಗಾಗಿಯೇ ಈ ಬಣ್ಣ.

ಕೆಲಸ ಕೆಡುವುದು ಹೆಚ್ಚಾಗಿ ಚಿತ್ರೀಕರಣದಲ್ಲೇ. ಹದಿನೈದು ಅಡಿ ಉದ್ದದ ಕೋಣೆಯಲ್ಲಿ ಮೊಬೈಲಿನಿಂದ ಪಾಠ ಚಿತ್ರಿಸಬೇಕು ಎಂದುಕೊಳ್ಳಿ. ಜಾಗ ಉಳಿಸಲು ಶಿಕ್ಷಕಿಯನ್ನು ಪರದೆಗೆ ಒರಗಿಸಿದಂತೆ ನಿಲ್ಲಿಸಿದರೆ, ಬಟ್ಟೆಯಿಂದ ಪುಟಿದ ಹಸಿರು ಬೆಳಕು ಅವರ ಕೂದಲು, ಹೆಗಲು, ಕೆನ್ನೆಯಂಚಿಗೆ ಮೆತ್ತಿಕೊಳ್ಳುತ್ತದೆ. ಸಾಫ್ಟ್‌ವೇರ್ ಆ ಅಂಚನ್ನೂ ಪರದೆಯೆಂದೇ ಭಾವಿಸಿ ಕಚ್ಚುತ್ತದೆ. ನೆರಳೂ ಬಟ್ಟೆಯ ಮೇಲೆಯೇ ಬೀಳುತ್ತದೆ. ಪರದೆಯಿಂದ ಆರಡಿ ಮುಂದೆ ಅವರು, ಅಲ್ಲಿಂದ ಎಂಟಡಿಗೆ ಮೊಬೈಲು: ಕೋಣೆ ಅಷ್ಟಕ್ಕೆ ಸಾಕು.

ಪರದೆಗೂ ಮುಖಕ್ಕೂ ಬೇರೆ ಬೇರೆ ದೀಪ ಬೇಕು. ಪರದೆಗೆ ಎರಡೂ ಬದಿಯಿಂದ ಒಂದೊಂದು ಮೃದು ಬೆಳಕು. ಉದ್ದೇಶ ಪ್ರಕಾಶವಲ್ಲ, ಸಮತೆ. ಇಸ್ತ್ರಿ ಮಾಡದ ಬಟ್ಟೆಯ ಒಂದೊಂದು ಸುಕ್ಕೂ ಬೇರೆ ಹಸಿರಾಗಿ ಕಾಣುತ್ತದೆ. ಪರದೆ ಮುಖಕ್ಕಿಂತ ಹೆಚ್ಚು ಹೊಳೆಯಬಾರದು, ಹೊಳೆದಷ್ಟೂ ಪುಟಿಯುವ ಹಸಿರು ಹೆಚ್ಚು. ಮೊಬೈಲಿನ ಬೆಳಕು, ಬಣ್ಣ, ಫೋಕಸ್ ಮೂರನ್ನೂ ಲಾಕ್ ಮಾಡಿ, ಇಲ್ಲದಿದ್ದರೆ ಕೈ ಆಡಿದಂತೆಲ್ಲ ಹಸಿರು ಬದಲಾಗುತ್ತದೆ. ಷಟರ್ ವೇಗವನ್ನು 1/100 ಸೆಕೆಂಡಿಗೆ ಇಡಬಹುದು. ನಮ್ಮ 50 ಹರ್ಟ್ಸ್ ವಿದ್ಯುತ್ತಿನ ದೀಪ ಮಿನುಗುವುದು ತಪ್ಪುತ್ತದೆ, ಆಡುವ ಬೆರಳೂ ಹೆಚ್ಚು ಮಸುಕಾಗುವುದಿಲ್ಲ.

ಉಡುಪಿನ ವಿಷಯದಲ್ಲಿ ಹಸಿರು ಸೀರೆ ಬೇಡವೆಂಬುದು ಎಲ್ಲರಿಗೂ ಹೊಳೆಯುತ್ತದೆ. ಹೊಳೆಯದೇ ಹೋಗುವುದು ಹಸಿರು ಗಾಜಿನ ಬಳೆ, ಹೂಮಾಲೆಯೊಳಗಿನ ಮರುಗದ ಎಲೆ, ರವಿಕೆಯ ಸಣ್ಣ ಅಂಚು. ಅಲ್ಲೆಲ್ಲ ತೂತು ಬಿದ್ದು ಹಿಂದಿನ ಹಂಪಿ ಇಣುಕುತ್ತದೆ. ಜರಿ ಮತ್ತು ಮಿನುಗುವ ರೇಷ್ಮೆ ಕನ್ನಡಿಯಂತೆ ಪರದೆಯ ಬಣ್ಣವನ್ನೇ ಹಿಂದಿರುಗಿಸುತ್ತವೆ. ಒಂದೇ ಬಣ್ಣದ, ಹೊಳಪಿಲ್ಲದ ಹತ್ತಿ ಸೀರೆ ಉತ್ತಮ. ಹಸಿರು ಉಡಲೇಬೇಕಿದ್ದರೆ ನೀಲಿ ಪರದೆ ಕಟ್ಟಿ. ಹಾರುವ ಕೂದಲನ್ನು ಎಣ್ಣೆ ಹಚ್ಚಿ ಬಾಚುವುದೂ ಉಪಕಾರಿ.

ಇನ್ನು ಚೌಕಟ್ಟು. ನಿಂತ ವ್ಯಕ್ತಿಗೆ ಮೊಬೈಲನ್ನು ಉದ್ದುದ್ದ ಹಿಡಿಯಿರಿ, ಚಿತ್ರದ ಹೆಚ್ಚು ಪಾಲು ಅವರಿಗೇ ಸಿಗುತ್ತದೆ. ಎರಡು ಪಟ್ಟಿನ ಲೆನ್ಸ್ ಇದ್ದರೆ ಅದನ್ನೇ ಬಳಸಿ, ಆಗ ಚಿಕ್ಕ ಪರದೆಯೂ ಸಾಲುತ್ತದೆ. ಪರದೆ ಇಡೀ ಚೌಕಟ್ಟು ತುಂಬಬೇಕಿಲ್ಲ, ಪಕ್ಕದ ಗೋಡೆಯನ್ನು ಆಮೇಲೆ ಕತ್ತರಿಸಬಹುದು. ಆದರೆ ಚಾಚಿದ ಕೈ ಹಸಿರಿನಾಚೆ ಹೋಗಬಾರದು. ಹೋದರೆ ಹೊಸ ಹಿನ್ನೆಲೆಯಲ್ಲಿ ಬೆರಳು ಗಾಳಿಯಲ್ಲೇ ತುಂಡಾಗಿ ಕಾಣುತ್ತದೆ.

ಪೂರ್ತಿ ಪಾಠಕ್ಕೆ ಮೊದಲು ಹತ್ತು ಸೆಕೆಂಡು ಚಿತ್ರಿಸಿ: ಕೈ ಬೀಸಿಸಿ, ತಲೆ ತಿರುಗಿಸಿ. ಕೀ ಮಾಡಿ ಕಪ್ಪು–ಬಿಳಿ ಮ್ಯಾಟ್ ನೋಟ ತೆರೆಯಿರಿ. ವ್ಯಕ್ತಿ ಅಚ್ಚ ಬಿಳಿ, ಹಿನ್ನೆಲೆ ಅಚ್ಚ ಕಪ್ಪು ಇರಬೇಕು. ಹಿನ್ನೆಲೆಯಲ್ಲಿ ಬೂದು ಮಂಜು ಕಂಡರೆ ಪರದೆಯ ದೀಪ ಸರಿಪಡಿಸಿ, ಮೈಯಲ್ಲಿ ಕಪ್ಪು ಚುಕ್ಕೆ ಕಂಡರೆ ಉಡುಪು ಬದಲಿಸಿ, ಆಮೇಲಷ್ಟೇ ಪಾಠ ಶುರುಮಾಡಿಸಿ.