ಬೋನಸ್ಸಿನ ಮೊದಲ ಪಾಲು ಯಾರಿಗೆ?

ಬಜೆಟ್ ಬರೆಯಲು ಒಂದು ವರ್ಷದ ಸಂಬಳದ ಚೀಟಿಗಳನ್ನು ಮುಂದಿಟ್ಟುಕೊಳ್ಳಿ. ಬೋನಸ್, ಅರಿಯರ್ಸ್ ಇಲ್ಲದ ತಿಂಗಳಲ್ಲಿ ಕಡಿತಗಳೆಲ್ಲ ಹೋಗಿ ಕೈಗೆ ಬಂದ ಮೊತ್ತವೇ ನಿಜವಾದ ಆದಾಯ. ಸರಾಸರಿ ಹಾಕಬೇಡಿ, ಅದರಲ್ಲಿ ಬೋನಸ್ ನುಸುಳಿರುತ್ತದೆ.

ಒಂದು ಮನೆಗೆ ತಿಂಗಳಿಗೆ 42,000 ರೂಪಾಯಿ ಬರುತ್ತದೆ ಎನ್ನೋಣ. ಮಾರ್ಚಿನಲ್ಲಿ ಜೀವವಿಮೆ 24,000, ಜೂನಿನಲ್ಲಿ ಆರೋಗ್ಯ ವಿಮೆ 18,000, ಸೆಪ್ಟೆಂಬರಿನಲ್ಲಿ ಬೈಕಿನ ವಿಮೆ 3,600. ಒಟ್ಟು 45,600, ತಿಂಗಳಿಗೆ 3,800. ಸಂಬಳ ಬಂದ ದಿನವೇ ಇದು ಬೇರೆ ಖಾತೆಗೆ ಹೋಗಬೇಕು. ಸಂಸಾರ ನಡೆಯುವುದು 38,200ರಲ್ಲಿ.

ಲೆಕ್ಕ ಎಡವುವುದು ಮೊದಲ ವರ್ಷ. ನವೆಂಬರಿನಿಂದ ಕೂಡಿಟ್ಟರೂ ಫೆಬ್ರವರಿ ಕೊನೆಗೆ ಇರುವುದು 15,200. ಮಾರ್ಚಿಗೆ 8,800 ಕಡಿಮೆ. ಜೂನಿಗೆ ಮತ್ತೆ 6,600 ಸಾಲದು. ದೀಪಾವಳಿ ಬೋನಸ್ಸಿನಿಂದ 15,400 ಮೊದಲೇ ಆ ಖಾತೆಗೆ ಹಾಕಿದರೆ ಎರಡೂ ನೀಗುತ್ತವೆ. (ಬೋನಸ್ ಎಂದರೆ ತೆರಿಗೆ ಕಳೆದು ಕೈಗೆ ಬಂದದ್ದು, ಪತ್ರದಲ್ಲಿ ಬರೆದದ್ದಲ್ಲ.) ಪ್ರೀಮಿಯಂ ಏರದಿದ್ದರೆ ಅಕ್ಟೋಬರ್ ಕೊನೆಗೆ ಖಾತೆಯಲ್ಲಿ ಅದೇ 15,400 ಮತ್ತೆ ಕೂಡಿರುತ್ತದೆ. ಮುಂದಿನ ಬೋನಸ್ಸಿಗೆ ಈ ಹೊರೆ ಇರುವುದಿಲ್ಲ. ಆರೋಗ್ಯ ವಿಮೆಯ ಕಂತು ಮಾತ್ರ ವಯಸ್ಸಿನೊಂದಿಗೆ ಏರುವಂಥದ್ದು; ನವೀಕರಣದ ನೋಟಿಸ್ ಬಂದೊಡನೆ 3,800ನ್ನು ತಿದ್ದಿ.