ಪೇಮೆಂಟ್ ಪೇಜ್ ಢಮಾರ್, ಡಿಯರ್ ಕ್ಲೈಂಟ್

‘ಗುರೂ, ಹೊಸ ರಿಲೀಸ್ ಹಾಕಿದ್ಮೇಲೆ ಪೇಮೆಂಟ್ ಪೇಜ್ ಢಮಾರ್.’

‘ಡೇಟಾಬೇಸ್ ಕನೆಕ್ಷನ್ ಲಿಮಿಟ್ ಹಳೇದೇ ಇದೆ ಅನ್ಸತ್ತೆ.’

‘ಬ್ಯಾಂಕ್ ಕಡೇನೂ ಸ್ಲೋ ಇತ್ತಂತೆ.’

‘ರೋಲ್‌ಬ್ಯಾಕ್ ಮಾಡ್ದೆ, ಈಗ ಓಕೆ. ಫಿಕ್ಸ್ ನಾಳೆ ಹಾಕ್ಬಿಡೋಣ, ಟೆಸ್ಟಿಂಗ್ ಒಂದು ಆಗ್ಬೇಕು.’

ಬೆಂಗಳೂರಿನ ಸಾಫ್ಟ್‌ವೇರ್ ತಂಡವೊಂದರ ಗ್ರೂಪಿನಲ್ಲಿ ನಡುರಾತ್ರಿ ಹೀಗೆ ಮಾತು ಓಡಿತು ಎಂದುಕೊಳ್ಳಿ. ಲಂಡನ್ನಿನ ಗ್ರಾಹಕ ಕಂಪನಿಗೆ ಇದನ್ನೇ ಇಂಗ್ಲಿಷಿನಲ್ಲಿ ಬರೆದು ಕಳಿಸಬೇಕು. ಆ ಕೆಲಸ ಟೀಮ್ ಲೀಡ್ ಪಾಲಿಗೆ.

ಮೊದಲ ತೊಡಕು ‘ಢಮಾರ್’. ಪೇಜ್ ತೆರೆಯಲೇ ಇಲ್ಲವೋ, ಹಣ ಕಡಿತವಾಗಿ ಆರ್ಡರ್ ದಾಖಲಾಗಲಿಲ್ಲವೋ? ಗ್ರೂಪಿನಲ್ಲಿದ್ದವರೆಲ್ಲ ಕಣ್ಣಾರೆ ನೋಡಿದ್ದರಿಂದ ಯಾರೂ ಹೇಳಲಿಲ್ಲ. ಗ್ರಾಹಕರು ಕೇಳುವ ಮೊದಲ ಪ್ರಶ್ನೆಯೇ ಅದು. ಹಾಗಾಗಿ ಲೀಡ್ ಬರೆಯುವ ಮುನ್ನ ಫೋನ್ ಎತ್ತಿ ಕೇಳಲೇಬೇಕು.

ಎಲ್ಲಕ್ಕಿಂತ ಹೆಚ್ಚು ಎಡವುವುದು ಮುಂದಿನ ಎರಡು ಸಾಲುಗಳಲ್ಲಿ. ‘ಅನ್ಸತ್ತೆ’ ಎಂದವನು ಊಹಿಸುತ್ತಿದ್ದಾನೆ. ‘ಇತ್ತಂತೆ’ ಎಂದವನು ಬೇರೆಯವರಿಂದ ಕೇಳಿದ್ದನ್ನು ದಾಟಿಸುತ್ತಿದ್ದಾನೆ. ಅವಸರದ ಮೇಲ್‌ನಲ್ಲಿ ಇವೆರಡೂ ಉದುರಿ, ‘ರೂಟ್ ಕಾಸ್’ ಎಂಬ ಗಟ್ಟಿ ತಲೆಬರಹದಡಿ ಊಹೆಯೇ ತೀರ್ಪಾಗಿಬಿಡುತ್ತದೆ. ನಾಳೆ ಕಾರಣ ಬೇರೆ ಎಂದು ಗೊತ್ತಾದರೆ ಹಿಂದಿನ ಮೇಲನ್ನು ಅಲ್ಲಗಳೆಯುವ ಫಜೀತಿ. ಪಳಗಿದವರು ಕನೆಕ್ಷನ್ ಮಿತಿಯ ಬಗ್ಗೆ ‘ವಿ ಸಸ್ಪೆಕ್ಟ್’ ಎಂದು ಬರೆದು, ಲಾಗ್ ಪರಿಶೀಲನೆ ನಡೆಯುತ್ತಿದೆ ಎಂದು ಸೇರಿಸುತ್ತಾರೆ. ಬ್ಯಾಂಕಿನ ಮಾತನ್ನು ಹೇಳಿದವರು ಯಾರೆಂದು ತಿಳಿಯುವವರೆಗೆ ಬಿಟ್ಟೇಬಿಡುತ್ತಾರೆ. ಕೇಳಿದ ಸುದ್ದಿ ನಂಬಿ ಮೂರನೆಯವರ ಮೇಲೆ ತಪ್ಪು ಹೊರಿಸುವುದು ದುಬಾರಿ.

ಸಮಯದ್ದು ಇನ್ನೊಂದು ಕಥೆ. ರಿಲೀಸ್ ಮಂಗಳವಾರ ರಾತ್ರಿ 11:40ಕ್ಕೆ, ರೋಲ್‌ಬ್ಯಾಕ್ 12:25ಕ್ಕೆ, ಅಂದರೆ ಬುಧವಾರ. ಬೇಸಿಗೆಯಲ್ಲಿ ಲಂಡನ್ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ; ಅಲ್ಲಿ ಎರಡೂ ಮಂಗಳವಾರ ಸಂಜೆಯೇ, 7:10 ಮತ್ತು 7:55. ‘ನಿನ್ನೆ’, ‘ಇವತ್ತು’ ಎಂದು ಬರೆದರೆ ಒಂದೇ ಸಂಜೆಯ 45 ನಿಮಿಷದ ಅಡಚಣೆ ಎರಡು ದಿನದ್ದಾಗಿ ಕಂಡೀತು. ಗ್ರಾಹಕರ ಗಡಿಯಾರದ ಸಮಯವನ್ನು ದಿನಾಂಕದೊಡನೆ, ತಿಂಗಳ ಹೆಸರನ್ನು ಅಕ್ಷರದಲ್ಲೇ ಕೊಡುವುದು ಕ್ಷೇಮ.

‘ಹಾಕ್ಬಿಡೋಣ’ ಎಂಬುದು ಹುರುಪು, ವಾಗ್ದಾನವಲ್ಲ. ಅದರ ಬೆನ್ನಿಗೇ ಟೆಸ್ಟಿಂಗಿನ ಷರತ್ತಿದೆ. ‘ಫಿಕ್ಸ್ ನಾಳೆ ಬರುತ್ತದೆ’ ಎಂದು ಮೇಲ್ ಹೋದರೆ ಆ ಷರತ್ತು ಗ್ರಾಹಕರಿಗೆ ತಿಳಿಯುವುದೇ ಇಲ್ಲ. ಪರೀಕ್ಷೆ ಮುಗಿದು ಪಾಸಾದರೆ ಬುಧವಾರ ಹಾಕುತ್ತೇವೆ ಎಂಬುದು ನಿಜವಾದ ಒಕ್ಕಣೆ.

ಕೊನೆಗೆ ನಮ್ಮ ಕಚೇರಿಗಳ ಮಾಮೂಲಿ ಸಾಲು: ‘ವಿ ವಿಲ್ ರಿವರ್ಟ್ ಬೈ ಈವನಿಂಗ್.’ ಇಲ್ಲಿ ಅದು ‘ಸಂಜೆಯೊಳಗೆ ಉತ್ತರಿಸುತ್ತೇವೆ’ ಎಂಬ ಮಾತು. ಆದರೆ ರೋಲ್‌ಬ್ಯಾಕ್ ಸುದ್ದಿಯ ಕೆಳಗೇ ಇದನ್ನು ಓದಿದ ಲಂಡನ್ನಿನ ಎಂಜಿನಿಯರ್, ಸಂಜೆ ಇನ್ನೊಂದು ಬದಲಾವಣೆಯನ್ನೂ ಹಿಂದೆಗೆಯುತ್ತಾರೆ ಎಂದುಕೊಂಡು ತನ್ನ ತಂಡವನ್ನು ಕೂರಿಸಿಕೊಂಡಾನು. ಲೀಡ್ ಅದನ್ನು ಅಳಿಸಿ, ಮುಂದಿನ ವರದಿ ಲಂಡನ್ ಸಮಯ ಸಂಜೆ 4ಕ್ಕೆ ಎಂದು ಬರೆದು ಕಳಿಸುತ್ತಾರೆ.